ಪರದೆಯನ್ನು ಮುಟ್ಟದೆ ಹಿಡಿಯುವುದು

ಸಾಗರದಿಂದ ಚಿಕ್ಕಪ್ಪ ಫೋನು ಮಾಡಿದಾಗ ಬೆಳಿಗ್ಗೆ ಹತ್ತೂಕಾಲು ಗಂಟೆ. ಅವರ ದನಿಯಲ್ಲಿ ಆಗಲೇ ಅರ್ಧ ದಿನದ ಸುಸ್ತು ಇತ್ತು. “ಎಂತ ಮಾಡೋದು ಮಾರಾಯ, ಈ ಪಟ್ಟಿ ನಿಲ್ಲೋದೇ ಇಲ್ಲ. ಬೆರಳು ಬೇರೆ ಕಡೆ ತಾಗಿದ ಕೂಡಲೇ ಮುಚ್ಚಿಕೊಳ್ತದೆ.”

ವಿಷಯ ಇಷ್ಟು. ಯಾವುದೋ ಕಚೇರಿಯ ಜಾಲತಾಣದಲ್ಲಿ ಅವರು ಅರ್ಜಿ ತುಂಬುತ್ತಿದ್ದರು. ಜಿಲ್ಲೆ, ತಾಲ್ಲೂಕು ಆರಿಸಿದ ಮೇಲೆ ಹೋಬಳಿ ಆರಿಸಬೇಕು. ಆ ಖಾನೆಯನ್ನು ತಟ್ಟಿದರೆ ಪಟ್ಟಿ ಕೆಳಕ್ಕೆ ಇಳಿಯುತ್ತದೆ. ಅದರಲ್ಲಿ ಅವರ ತಾಳಗುಪ್ಪ ಹೋಬಳಿಯೇ ಇಲ್ಲ. ಸಹಾಯವಾಣಿಗೆ ಫೋನು ಮಾಡಿದರೆ ಆ ಕಡೆಯ ಹುಡುಗ, “ಸಾರ್, ಲಿಸ್ಟ್ ಓಪನ್ ಇರೋ ಹಾಗೆ ಒಂದು ಸ್ಕ್ರೀನ್‌ಶಾಟ್ ಕಳಿಸಿ, ಟೆಕ್ನಿಕಲ್ ಟೀಮ್‌ಗೆ ಕೊಡ್ತೀನಿ” ಎಂದಿದ್ದಾನೆ. ಚಿಕ್ಕಪ್ಪ ತಮಗೆ ತಿಳಿದ ಉಪಾಯ ಮಾಡಿದ್ದರು. ಟ್ಯಾಬನ್ನು ಮೇಜಿನ ಮೇಲೆ ಒರಗಿಸಿ, ಮೊಬೈಲಿನಲ್ಲಿ ಅದರ ಫೋಟೋ ಹೊಡೆದು ಕಳಿಸಿದ್ದರು. ಅದು ನನಗೂ ಬಂತು. ಪರದೆಯ ತುಂಬಾ ರೇಷ್ಮೆ ಸೀರೆಯ ನೆರಳಿನಂಥ ಬಣ್ಣದ ಅಲೆಗಳು, ನಡುವೆ ಕಿಟಕಿಯ ಬೆಳಕು, ಬೆಳಕಿನೊಳಗೆ ಬನಿಯನ್ ತೊಟ್ಟ ಚಿಕ್ಕಪ್ಪ. ಹೋಬಳಿಯ ಹೆಸರುಗಳು ಮಾತ್ರ ಓದಲಾಗುತ್ತಿರಲಿಲ್ಲ.

ಅವರದು ಸರ್ಫೇಸ್ ಗೋ 2. ಹತ್ತೂವರೆ ಇಂಚಿನ ವಿಂಡೋಸ್ ಟ್ಯಾಬ್, ಅಯಸ್ಕಾಂತದಿಂದ ಅಂಟಿಕೊಳ್ಳುವ ಕೀಬೋರ್ಡ್. ಕೀಬೋರ್ಡ್ ಅಂಟಿಸಿದರೆ ಲ್ಯಾಪ್‌ಟಾಪ್, ಕಿತ್ತರೆ ಸ್ಲೇಟು. ಆ ದಿನ ಅದು ಸ್ಲೇಟಾಗಿತ್ತು. ಕೀಬೋರ್ಡನ್ನು ಮೊಮ್ಮಗಳು ಕಳಚಿ ಎಲ್ಲೋ ಇಟ್ಟಿದ್ದಳು, ಅವಳು ಶಾಲೆಗೆ ಹೋಗಿದ್ದಳು. ಕೀಬೋರ್ಡ್ ಇದ್ದಿದ್ದರೆ ವಿಂಡೋಸ್ ಕೀಲಿ ಹಿಡಿದು `PrtScn` ಒತ್ತಿ ಎಂದು ಹೇಳಿ ಮುಗಿಸುತ್ತಿದ್ದೆ. ಇಲ್ಲದಿದ್ದಾಗ ಉಳಿಯುವುದು ಟ್ಯಾಬಿನ ಅಂಚಿನಲ್ಲಿರುವ ಗುಂಡಿಗಳು: ಒಂದು ಪವರ್, ಇನ್ನೊಂದು ದನಿ ಏರಿಸಿ ಇಳಿಸುವ ಉದ್ದನೆಯದು.

“ಪವರ್ ಬಟನ್ ಒತ್ತಿ ಹಿಡ್ಕೊಳ್ಳಿ ಚಿಕ್ಕಪ್ಪ. ಬಿಡಬೇಡಿ. ಹಿಡಿದಿರುವಾಗಲೇ ವಾಲ್ಯೂಮ್ ಜಾಸ್ತಿ ಮಾಡೋ ಬಟನ್ನನ್ನ ಒಂದು ಸಲ ಒತ್ತಿ, ಆಮೇಲೆ ಎರಡನ್ನೂ ಬಿಡಿ.”

ಕ್ರಮ ಅಷ್ಟೇ. ಪರದೆ ಒಂದು ಕ್ಷಣ ಮಂಕಾಗಿ ಮತ್ತೆ ಬೆಳಗಿದರೆ ಚಿತ್ರ ಸಿಕ್ಕಿತು ಎಂದರ್ಥ. ಹೇಳುವುದಕ್ಕೆ ಎರಡು ಸಾಲು. ಮಾಡಿಸುವುದಕ್ಕೆ ಮಾತ್ರ ನಮಗೆ ಮುಕ್ಕಾಲು ಗಂಟೆ ಹಿಡಿಯಿತು. ಆ ಮುಕ್ಕಾಲು ಗಂಟೆಯಲ್ಲಿ ಆದ ತಪ್ಪುಗಳಲ್ಲೇ ಈ ಗುಂಡಿಗಳ ಸ್ವಭಾವ ಇರುವುದರಿಂದ ಅವನ್ನೇ ಹೇಳುತ್ತೇನೆ.

ಮೊದಲನೆಯ ಸಲ ಟ್ಯಾಬ್ ಮಲಗಿಬಿಟ್ಟಿತು. ಪರದೆ ಕಪ್ಪು. ಚಿಕ್ಕಪ್ಪ ಪವರ್ ಗುಂಡಿಯನ್ನು ಕರೆಗಂಟೆ ಒತ್ತಿದ ಹಾಗೆ ಒತ್ತಿ ಬಿಟ್ಟಿದ್ದರು. ಪವರ್ ಗುಂಡಿಯೊಂದನ್ನೇ ಒತ್ತಿ ಬಿಟ್ಟರೆ ವಿಂಡೋಸ್ ಅದನ್ನು “ಮಲಗು” ಎಂದು ಓದಿಕೊಳ್ಳುತ್ತದೆ. ಹಿಡಿದೇ ಇದ್ದು ಇನ್ನೊಂದು ಗುಂಡಿ ಜೊತೆಗೂಡಿದರೆ ಮಾತ್ರ ಅರ್ಥ ಬದಲಾಗುತ್ತದೆ. ಆದ್ದರಿಂದ ಎರಡನ್ನೂ ಸರಿಯಾಗಿ ಒಂದೇ ಕ್ಷಣಕ್ಕೆ ಒತ್ತಲು ಹೆಣಗಬೇಕಾಗಿಲ್ಲ. ಪವರ್ ಮೊದಲು, ಅದರ ಮೇಲೆ ಬೆರಳು ಇರುವಾಗಲೇ ದನಿಯ ಗುಂಡಿ. ನಡುವೆ ಅರ್ಧ ಸೆಕೆಂಡು ತಡವಾದರೂ ತೊಂದರೆ ಇಲ್ಲ.

ಹಾಗೆಂದು ಹಿಡಿದೇ ಕೂತರೂ ಆಗುವುದಿಲ್ಲ. ಎರಡನೆಯ ಸಲ ಚಿಕ್ಕಪ್ಪ ಪವರ್ ಹಿಡಿದುಕೊಂಡು, ದನಿಯ ಗುಂಡಿಯಲ್ಲಿ ‘ಜಾಸ್ತಿ’ ಯಾವ ಕಡೆ ಎಂದು ಕನ್ನಡಕ ಏರಿಸಿ ಹುಡುಕುತ್ತಾ ಕೂತರು. ನಾಲ್ಕಾರು ಸೆಕೆಂಡಿನಲ್ಲಿ ಮೇಲಿನಿಂದ ಚಾದರ ಎಳೆದಂತೆ ಒಂದು ತೆರೆ ಅರ್ಧ ಪರದೆಯವರೆಗೆ ಇಳಿಯಿತು, ಅದನ್ನು ಜಾರಿಸಿದರೆ ಟ್ಯಾಬ್ ಬಂದ್ ಮಾಡುತ್ತೇನೆ ಎಂದು ಬರೆದುಕೊಂಡು. ಗಾಬರಿಯಲ್ಲಿ ಅವರು ಇನ್ನೂ ಗಟ್ಟಿಯಾಗಿ ಒತ್ತಿ ಹಿಡಿದರು. ಹತ್ತು ಸೆಕೆಂಡಿನ ಆಸುಪಾಸಿಗೆ ಹೋದರೆ ಟ್ಯಾಬ್ ಏನನ್ನೂ ಕೇಳದೆ ಆಫ್ ಆಗುತ್ತದೆ, ತುಂಬಿದ ಅರ್ಜಿಯೂ ಅದರೊಂದಿಗೆ ಹೋಗುತ್ತದೆ. ಹೋಯಿತು.

ಇಲ್ಲಿಂದ ಮುಂದೆ ನಡೆದದ್ದು ನನಗೆ ಸ್ವಲ್ಪ ನಗು ತರಿಸಿತು, ಅವರಿಗಲ್ಲ. ಆಫ್ ಆದ ಟ್ಯಾಬನ್ನು ಮತ್ತೆ ಹಾಕಲು ಅವರು ಪವರ್ ಒತ್ತಿದರು. ಆದರೆ ಇನ್ನೊಂದು ಬೆರಳು ಅಭ್ಯಾಸಬಲದಿಂದ ದನಿ ಏರಿಸುವ ಗುಂಡಿಯ ಮೇಲೆಯೇ ಇತ್ತು. ವಿಂಡೋಸ್ ಬರುವ ಬದಲು, ಎಡಗಡೆ ಸಾಲಾಗಿ ಇಂಗ್ಲಿಷಿನ ಹೆಸರುಗಳಿದ್ದ ಬೇರೆಯೇ ಒಂದು ಪರದೆ ಬಂತು. “ಲೋ, ಟ್ಯಾಬು ಕೆಟ್ಟೋಯ್ತು ಕಣೋ!”

ಕೆಟ್ಟಿರಲಿಲ್ಲ. ಅದು ಯಂತ್ರದ ಮೂಲ ಸೆಟ್ಟಿಂಗಿನ ಕೋಣೆ, ಯುಇಎಫ್‌ಐ ಎನ್ನುತ್ತಾರೆ. ಸರ್ಫೇಸ್ ಟ್ಯಾಬುಗಳಲ್ಲಿ ಆಫ್ ಇರುವಾಗ ದನಿ ಏರಿಸುವ ಗುಂಡಿ ಹಿಡಿದು ಪವರ್ ಒತ್ತಿದರೆ ಆ ಕೋಣೆಯ ಬಾಗಿಲು ತೆರೆಯುತ್ತದೆ. ದನಿ ಇಳಿಸುವ ಗುಂಡಿ ಹಿಡಿದರೆ, ಪೆನ್‌ಡ್ರೈವ್ ಚುಚ್ಚಿದ್ದಲ್ಲಿ ಅದರಿಂದ ಚಾಲೂ ಆಗಲು ನೋಡುತ್ತದೆ. ಅದೇ ಎರಡು ಗುಂಡಿಗಳು, ಟ್ಯಾಬ್ ಎಚ್ಚರವಿದ್ದರೆ ಒಂದು ಅರ್ಥ, ಆಫ್ ಆಗಿದ್ದರೆ ಇನ್ನೊಂದು. ಹಳೆಯ ಸರ್ಫೇಸ್‌ಗಳಲ್ಲಿ, ಪ್ರೊ 4ರವರೆಗೆ, ಮೂರನೆಯ ಅರ್ಥವೂ ಉಂಟು: ಟ್ಯಾಬ್ ಪೂರ್ತಿ ಹೆಪ್ಪುಗಟ್ಟಿ ಏನಕ್ಕೂ ಓಗೊಡದಿದ್ದರೆ ಇವೇ ಎರಡನ್ನು 15 ಸೆಕೆಂಡು ಒಟ್ಟಿಗೆ ಹಿಡಿದು ಅದನ್ನು ಪೂರ್ತಿ ಆರಿಸುವುದು. ಅಂಥ ಟ್ಯಾಬಿನಲ್ಲಿ ಸ್ಕ್ರೀನ್‌ಶಾಟ್ ತೆಗೆಯುತ್ತಾ ಕೈ ಮರೆತು ಹಿಡಿದೇ ಇದ್ದರೆ ಏನಾಗುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಚಿಕ್ಕಪ್ಪನಿಗೆ ಪಟ್ಟಿಯ ಕೊನೆಯ `Exit` ತಟ್ಟಿ, `Restart now` ಒತ್ತಲು ಹೇಳಿದೆ. ಮಧ್ಯದಲ್ಲಿ ಯಾವುದನ್ನೂ ಮುಟ್ಟಬೇಡಿ ಎಂದು ಎರಡೆರಡು ಸಲ ಹೇಳಿದೆ. ಟ್ಯಾಬ್ ಮಾಮೂಲಿನಂತೆ ಎದ್ದು ಕೂತಿತು.

ಕಾಫಿ ಕುಡಿದು ಬಂದು ಅರ್ಜಿಯನ್ನು ಮತ್ತೆ ಹೋಬಳಿಯವರೆಗೆ ತುಂಬಿದರು. ಈ ಸಲ ಮೊದಲು ಗುಂಡಿಗಳ ಪರಿಚಯ ಮಾಡಿಸಿದೆ. ಅವರ ಟ್ಯಾಬನ್ನು ಅಡ್ಡಲಾಗಿ ಹಿಡಿದರೆ ಎರಡೂ ಗುಂಡಿ ಮೇಲಂಚಿನಲ್ಲಿ, ಅಕ್ಕಪಕ್ಕ. ಉದ್ದನೆಯ ಗುಂಡಿಯ ಒಂದು ತುದಿಯನ್ನು ಒತ್ತಿ ನೋಡಿ, ಪರದೆಯ ಮೇಲೆ ಬರುವ ದನಿಯ ಪಟ್ಟಿ ಏರಿದರೆ ಅದೇ ನಿಮಗೆ ಬೇಕಾದ ತುದಿ, ಅದರ ಮೇಲೆ ಬೆರಳಿಟ್ಟು ಗುರುತು ಮಾಡಿಕೊಳ್ಳಿ ಎಂದೆ. ಇದನ್ನು ಮೊದಲೇ ಮಾಡಿಸಬೇಕಿತ್ತು. ತಪ್ಪು ನನ್ನದು.

ಎಲ್ಲ ಟ್ಯಾಬುಗಳಲ್ಲೂ ಗುಂಡಿ ಹೀಗೆ ಅಕ್ಕಪಕ್ಕ ಇರುವುದಿಲ್ಲ. ಸರ್ಫೇಸ್ ಪ್ರೊ 4ರಿಂದ 7ರವರೆಗೆ ಮೇಲಂಚಿನಲ್ಲೇ ಇವೆ. ಪ್ರೊ 8ರಲ್ಲಿ ಪವರ್ ಬಲಬದಿಗೆ, ದನಿ ಎಡಬದಿಗೆ ಹೋದವು. ಪ್ರೊ 9ರಲ್ಲಿ ಮತ್ತೆ ಮೇಲಂಚಿಗೇ ಬಂದವು. ಅಕ್ಕಪಕ್ಕ ಇದ್ದರೆ ಒಂದೇ ಕೈಯ ಎರಡು ಬೆರಳು ಸಾಕು, ಇನ್ನೊಂದು ಕೈ ಟ್ಯಾಬನ್ನು ಹಿಡಿದಿರಬಹುದು. ಎರಡು ಬದಿಗೆ ಹಂಚಿಹೋಗಿದ್ದರೆ ದೊಡ್ಡ ತಟ್ಟೆ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದು ಹೆಬ್ಬೆರಳು ಅಥವಾ ತೋರುಬೆರಳಿನಿಂದ ಒತ್ತುವುದು ಹಗುರ.

ಚಿಕ್ಕಪ್ಪನ ಬೆರಳು ದನಿ ಇಳಿಸುವ ತುದಿಗೇ ಯಾಕೆ ಹೋಗುತ್ತಿತ್ತು ಎನ್ನುವುದಕ್ಕೂ ಕಾರಣವಿತ್ತು. ಅವರ ಆಂಡ್ರಾಯ್ಡ್ ಮೊಬೈಲಿನಲ್ಲಿ ಸ್ಕ್ರೀನ್‌ಶಾಟ್‌ಗೆ ಪವರ್ ಜೊತೆ ದನಿ *ಇಳಿಸುವ* ಗುಂಡಿ. ವಿಂಡೋಸ್ ಟ್ಯಾಬಿನಲ್ಲಿ *ಏರಿಸುವ* ಗುಂಡಿ. ಈ ಗೊಂದಲ ಚಿಕ್ಕಪ್ಪನೊಬ್ಬರದೇ ಅಲ್ಲ, ವಿಂಡೋಸಿನ ಇತಿಹಾಸದಲ್ಲೇ ಇದೆ. 2012ರಲ್ಲಿ ವಿಂಡೋಸ್ 8ರ ಜೊತೆ ಮೊದಲ ಸರ್ಫೇಸ್ ಬಂದಾಗ ಟ್ಯಾಬಿನ ಮುಖದ ಮೇಲೆಯೇ, ಪರದೆಯ ಚೌಕಟ್ಟಿನಲ್ಲಿ, ವಿಂಡೋಸ್ ಗುರುತಿನ ಗುಂಡಿಯೊಂದಿತ್ತು. ಆಗ ಸ್ಕ್ರೀನ್‌ಶಾಟ್ ಎಂದರೆ ಆ ಗುರುತಿನ ಮೇಲೆ ಬೆರಳಿಟ್ಟು ದನಿ ಇಳಿಸುವ ಗುಂಡಿ ಒತ್ತುವುದು. 2015ರಲ್ಲಿ ಬಂದ ಸರ್ಫೇಸ್ ಪ್ರೊ 4ರ ಮುಖದಿಂದ ಆ ಗುಂಡಿಯನ್ನು ತೆಗೆದುಬಿಟ್ಟರು. ಆಗ ಹೊಸ ಜೋಡಿ ಬಂತು, ಪವರ್ ಮತ್ತು ದನಿ ಏರಿಸುವ ಗುಂಡಿ. ನಿಮ್ಮ ಕೈಗೆ ಹಳೆಯ ಟ್ಯಾಬ್ ಬಂದರೆ ಕೇಳಿಕೊಳ್ಳಬೇಕಾದದ್ದು ಒಂದೇ: ಮುಖದ ಮೇಲೆ ವಿಂಡೋಸ್ ಗುರುತಿನ ಗುಂಡಿ ಇದೆಯೇ? ಇದ್ದರೆ ಅದು ಮತ್ತು ದನಿ ಇಳಿಸುವುದು. ಇಲ್ಲದಿದ್ದರೆ ಪವರ್ ಮತ್ತು ದನಿ ಏರಿಸುವುದು. ಬೇರೆ ಕಂಪನಿಗಳ ಕಳಚುವ ಕೀಬೋರ್ಡಿನ ಟ್ಯಾಬುಗಳಲ್ಲೂ ಮೊದಲು ಇದೇ ಲೆಕ್ಕದಲ್ಲಿ ಪ್ರಯತ್ನಿಸಿ ನೋಡಬಹುದು.

ಮೂರನೆಯ ಸಲ ಪರದೆ ಮಂಕಾಯಿತು. “ಆಯ್ತು, ಆಯ್ತು!” ಎಂದು ಆ ಕಡೆಯಿಂದ ಕೂಗು. ಆಮೇಲೆ ಚಿತ್ರ ನೋಡಿದರೆ, ಮೂಲೆಯಲ್ಲಿ ದನಿಯ ಪಟ್ಟಿಯೂ ಅದರೊಳಗೆ ಕೂತಿತ್ತು. ಪವರ್‌ಗಿಂತ ಕೂದಲೆಳೆಯಷ್ಟು ಮೊದಲು ದನಿಯ ಗುಂಡಿ ಒತ್ತಲಾಗಿತ್ತು. ವಿಂಡೋಸ್ ದನಿ ಏರಿಸಿ, ಪಟ್ಟಿ ತೋರಿಸಿ, ಅದರ ಮೇಲೆ ಚಿತ್ರ ತೆಗೆದಿತ್ತು. ಆ ಪಟ್ಟಿ ಬೇಡವಾದ ಜಾಗ ಮುಚ್ಚಿದ್ದರೆ ಅದು ಕರಗಿಹೋಗುವವರೆಗೆ ಕಾದು ಇನ್ನೊಮ್ಮೆ ತೆಗೆಯಬೇಕು. ನಮಗೆ ಅದು ಹೋಬಳಿಗಳ ಪಟ್ಟಿಯಿಂದ ದೂರವಿತ್ತು, ಬಿಟ್ಟೆವು.

ಮುಖ್ಯವಾದದ್ದು ಬೇರೆ. ಹೋಬಳಿಗಳ ಪಟ್ಟಿ ತೆರೆದೇ ಇತ್ತು. ಈ ಎರಡು ಗುಂಡಿಗಳ ನಿಜವಾದ ಬೆಲೆ ನನಗೆ ಕಾಣುವುದು ಇಲ್ಲಿ. ಪರದೆಯ ಚಿತ್ರ ತೆಗೆಯಲು ವಿಂಡೋಸಿನೊಳಗೇ `Snipping Tool` ಇದೆ, ಅದು ಎಷ್ಟೋ ಕೆಲಸಕ್ಕೆ ಹೆಚ್ಚು ಅನುಕೂಲ. ಆದರೆ ಅದನ್ನು ಬೆರಳಿನಿಂದ ತೆರೆಯಬೇಕು. ಅದನ್ನು ತೆರೆಯಲು ಪರದೆಯ ಇನ್ನೊಂದು ಕಡೆ ಬೆರಳಿಟ್ಟ ಕ್ಷಣವೇ ಇಳಿದ ಪಟ್ಟಿಗಳು, ಒತ್ತಿ ಹಿಡಿದಾಗ ಬರುವ ಚಿಕ್ಕ ಮೆನುಗಳು ಎಲ್ಲ ಮುಚ್ಚಿಕೊಳ್ಳುತ್ತವೆ. ಅವುಗಳ ಗುಣವೇ ಹಾಗೆ, ಬೇರೆ ಕಡೆ ಮುಟ್ಟಿದರೆ “ನನ್ನ ಕೆಲಸ ಮುಗಿಯಿತು” ಎಂದು ಹೊರಡುವುದು. ಮೂರು ಸೆಕೆಂಡು ಕಂಡು ಮಾಯವಾಗುವ ತಪ್ಪಿನ ಸೂಚನೆಗಳದೂ ಹೆಚ್ಚು ಕಡಿಮೆ ಅದೇ ಕಥೆ, `Snipping Tool` ತೆರೆಯುವಷ್ಟರಲ್ಲಿ ಅವು ಇರುವುದಿಲ್ಲ. ಅಂಚಿನ ಗುಂಡಿಗಳು ಪರದೆಯ ಹೊರಗಿವೆ. ಅವನ್ನು ಒತ್ತಿದರೆ ಒಳಗಿನ ಯಾವುದಕ್ಕೂ ತನ್ನನ್ನು ಯಾರೋ ಮುಟ್ಟಿದರು ಎಂದು ಅನ್ನಿಸುವುದಿಲ್ಲ. ಕುಳಿತ ಹಕ್ಕಿ ಕುಳಿತ ಹಾಗೆಯೇ ಚಿತ್ರವಾಗುತ್ತದೆ.

ಪರದೆಯ ಮೇಲೆ ಬರುವ ಟಚ್ ಕೀಬೋರ್ಡನ್ನು ಬಳಸಬಾರದೇ ಎಂದು ಕೇಳಬಹುದು. ಅದು ಪರದೆಯ ಕೆಳಗಿನ ಭಾಗವನ್ನು ಆಕ್ರಮಿಸಿ ತಾನೂ ಚಿತ್ರದೊಳಗೆ ಬರುತ್ತದೆ. `Snipping Tool`ನಲ್ಲಿ ತಡವಾಗಿ ತೆಗೆಯುವ ಅನುಕೂಲವೂ ಇದೆ. ಐದು ಸೆಕೆಂಡು ಎಂದು ಇಟ್ಟು, ಆ ಐದು ಸೆಕೆಂಡಿನೊಳಗೆ ಓಡಿಹೋಗಿ ಪಟ್ಟಿ ಇಳಿಸಿ ಕಾಯಬಹುದು. ಕೈ ಚುರುಕಿದ್ದವರಿಗೆ ಸರಿ. ಚಿಕ್ಕಪ್ಪನಿಗೆ ಎಪ್ಪತ್ತೊಂದು.

ಇನ್ನು ಎರಡನೆಯ ಅಧ್ಯಾಯ, ಚಿತ್ರ ಎಲ್ಲಿ ಹೋಯಿತು ಎನ್ನುವುದು. ಮೊಬೈಲಿನಲ್ಲಿ ಸ್ಕ್ರೀನ್‌ಶಾಟ್ ತೆಗೆದ ಕೂಡಲೇ ಅದು ಮೂಲೆಯಲ್ಲಿ ಚಿಕ್ಕದಾಗಿ ಬಂದು ನಿಲ್ಲುತ್ತದೆ. ಇಲ್ಲಿ ಪರದೆ ಕಣ್ಣು ಮಿಟುಕಿಸಿದ್ದೇ ಪ್ರಸಾದ. ಚಿತ್ರ ಸದ್ದಿಲ್ಲದೆ ಒಂದು ಕಡತಕೋಶಕ್ಕೆ ಹೋಗಿ ಸೇರುತ್ತದೆ. ಫೈಲ್ ಎಕ್ಸ್‌ಪ್ಲೋರರ್ ತೆರೆದು `Pictures`, ಅದರೊಳಗೆ `Screenshots`. ವಿಳಾಸದ ಪಟ್ಟಿಯಲ್ಲಿ ನೇರವಾಗಿ ಬರೆಯುವುದಾದರೆ:

```
%USERPROFILE%\Pictures\Screenshots
```

ಚಿಕ್ಕಪ್ಪ ಇದನ್ನು ತೆರೆದರೆ ಖಾಲಿ. ನನಗೆ ಗೊತ್ತಾಯಿತು. ಟ್ಯಾಬ್ ಕೊಂಡಾಗ ಯಾವುದೋ ಪ್ರಶ್ನೆಗೆ ‘ಸರಿ’ ಒತ್ತಿ ಅವರ `Pictures` ಕೋಶವನ್ನು ಒನ್‌ಡ್ರೈವ್ ತನ್ನ ಮನೆಗೆ ಕರೆದೊಯ್ದಿತ್ತು. ಹಾಗಿದ್ದರೆ ಚಿತ್ರಗಳು ಇರುವುದು ಇಲ್ಲಿ:

```
%USERPROFILE%\OneDrive\Pictures\Screenshots
```

ಇದರಲ್ಲಿ ಒಂದು ವಿಷಯ ಗಮನದಲ್ಲಿರಲಿ. ಒನ್‌ಡ್ರೈವಿನಲ್ಲಿ ಪುಕ್ಕಟೆ ಸಿಗುವ ಜಾಗ 5 ಜಿಬಿ. ಅಲ್ಲಿಗೆ ಸೇರಿದ ಚಿತ್ರ ನಿಮ್ಮ ಟ್ಯಾಬಿನಲ್ಲಷ್ಟೇ ಅಲ್ಲ, ಇಂಟರ್ನೆಟ್ಟಿನ ಆ ಕಡೆಯೂ ಇರುತ್ತದೆ. ಪಾಸ್‌ವರ್ಡ್, ಆಧಾರ್ ಸಂಖ್ಯೆ ಕಾಣುವ ಚಿತ್ರ ತೆಗೆದು ಇಲ್ಲಿ ಅಳಿಸಿದರೆ ಅಲ್ಲಿಯ ಕಸದ ಬುಟ್ಟಿಯಲ್ಲಿ ಕೆಲವು ಕಾಲ ಉಳಿದಿರುತ್ತದೆ.

ಕೋಶದಲ್ಲಿ ಚಿಕ್ಕಪ್ಪನ ಮೊದಲ ಫಲ `Screenshot (7).png` ಎಂಬ ಹೆಸರಿನಲ್ಲಿತ್ತು. “ಒಂದರಿಂದ ಆರು ಎಲ್ಲೋಯ್ತು?” ಎಂದು ಅವರು. ಹಿಂದೆ ಮೊಮ್ಮಗಳು ಆರು ತೆಗೆದು ಅಳಿಸಿದ್ದಳು. ವಿಂಡೋಸ್ ಈ ಸಂಖ್ಯೆಯನ್ನು ಕೋಶದಲ್ಲಿ ಎಷ್ಟು ಚಿತ್ರ ಇವೆ ಎಂದು ಎಣಿಸಿ ಕೊಡುವುದಿಲ್ಲ. ಬೇರೆ ಕಡೆ, ತನ್ನ ರಿಜಿಸ್ಟ್ರಿಯಲ್ಲಿ, `ScreenshotIndex` ಎಂಬ ಹೆಸರಿನಲ್ಲಿ ಎಣಿಕೆ ಬರೆದಿಟ್ಟುಕೊಳ್ಳುತ್ತದೆ. ಕಡತ ಅಳಿಸಿದರೂ ಎಣಿಕೆ ಹಿಂದಕ್ಕೆ ಬರುವುದಿಲ್ಲ. ಇದರಿಂದ ಒಂದು ಲಾಭ ಉಂಟು. ಪರದೆ ಮಂಕಾಯಿತೋ ಇಲ್ಲವೋ ಎಂದು ಅನುಮಾನವಾದರೆ ಕೋಶ ತೆರೆದು ಕೊನೆಯ ಸಂಖ್ಯೆ ನೋಡಿ. ಹಿಂದಿನದಕ್ಕಿಂತ ಒಂದು ಹೆಚ್ಚಿದ್ದರೆ ಗುಂಡಿಗಳು ಕೆಲಸ ಮಾಡಿವೆ. ಕೆಲವರು ಟ್ಯಾಬ್ ಚುರುಕಾಗಲಿ ಎಂದು ಪರದೆಯ ಚಲನೆಗಳನ್ನೆಲ್ಲ ನಿಲ್ಲಿಸಿರುತ್ತಾರೆ. ಅಂಥ ಟ್ಯಾಬಿನಲ್ಲಿ ಚಿತ್ರ ಸಿಕ್ಕಿದರೂ ಪರದೆ ಮಂಕಾಗದೆ ಇರಬಹುದು.

ಚಿತ್ರ ಸಿಕ್ಕಿತು. ನನಗೆ ವಾಟ್ಸಾಪಿನಲ್ಲಿ ಕಳಿಸಿದರು. ಇದನ್ನು ಅವನಿಗೆ ಹೀಗೇ ಕಳಿಸಬೇಡಿ ಎಂದು ತಕ್ಷಣ ಫೋನು ಮಾಡಿದೆ.

ಯಾಕೆಂದರೆ ಈ ಗುಂಡಿಗಳಿಗೆ ಆರಿಸಿ ತೆಗೆಯುವ ವಿವೇಕ ಇಲ್ಲ. ಇಡೀ ಪರದೆಯನ್ನು ಬಾಚಿಕೊಳ್ಳುತ್ತವೆ. ಟಿವಿಗೋ ಇನ್ನೊಂದು ಮಾನಿಟರಿಗೋ ಜೋಡಿಸಿದ್ದರೆ ಅದನ್ನೂ ಸೇರಿಸಿ ಒಂದೇ ಉದ್ದನೆಯ ಚಿತ್ರ ಮಾಡುತ್ತವೆ. ಚಿಕ್ಕಪ್ಪನ ಚಿತ್ರದಲ್ಲಿ ಹೋಬಳಿಗಳ ಪಟ್ಟಿ ಇತ್ತು ನಿಜ. ಅದರ ಮೇಲೆ ಅವರ ಆಧಾರ್ ಸಂಖ್ಯೆ, ಹುಟ್ಟಿದ ದಿನ, ಮೊಬೈಲ್ ಸಂಖ್ಯೆ ಇತ್ತು. ಬ್ರೌಸರಿನ ನೆತ್ತಿಯಲ್ಲಿ ಬ್ಯಾಂಕಿನ ಹೆಸರಿನ ಟ್ಯಾಬೊಂದು ತೆರೆದಿತ್ತು. ಕೆಳಗೆ ದಿನಾಂಕ, ಸಮಯ. ಸಹಾಯವಾಣಿಯ ಹುಡುಗನಿಗೆ ಬೇಕಾದದ್ದು ನಡುವಿನ ಅಂಗೈಯಗಲದ ಜಾಗ.

ಕತ್ತರಿಸಬೇಕು. `Photos`ನಲ್ಲಿ ತೆರೆದು, ಕ್ರಾಪ್ ಗುರುತು ತಟ್ಟಿ, ನಾಲ್ಕು ಮೂಲೆ ಎಳೆದು ಬೇಕಾದಷ್ಟೇ ಉಳಿಸಿ. ಬೇರೆ ಹೆಸರಿನಲ್ಲಿ ಉಳಿಸಿ ಎಂದು ಒತ್ತಿ ಹೇಳಿದೆ. ಅದಕ್ಕೊಂದು ಹಿನ್ನೆಲೆ ಇದೆ. 2023ರ ಮಾರ್ಚಿಯಲ್ಲಿ ವಿಂಡೋಸಿನ ಚಿತ್ರ ಕತ್ತರಿಸುವ ಸಲಕರಣೆಗಳಲ್ಲಿ ಒಂದು ದೋಷ ಹೊರಬಂತು, `CVE-2023-28303` ಎಂದು ಅದರ ದಾಖಲೆ ಹೆಸರು. ದೊಡ್ಡ ಚಿತ್ರವನ್ನು ತೆರೆದು, ಕತ್ತರಿಸಿ, ಅದೇ ಹೆಸರಿನಲ್ಲಿ ಉಳಿಸಿದರೆ ಸಲಕರಣೆ ಚಿಕ್ಕ ಚಿತ್ರವನ್ನು ಹಳೆಯ ಕಡತದ ಮೊದಲ ಭಾಗದ ಮೇಲೆ ಬರೆಯುತ್ತಿತ್ತು. ಉಳಿದ ಬಾಲವನ್ನು ಕತ್ತರಿಸುತ್ತಿರಲಿಲ್ಲ. ಇಡೀ ಹಲಗೆ ಒರೆಸದೆ, ಮೇಲಿನ ಎರಡು ಸಾಲನ್ನಷ್ಟೇ ಒರೆಸಿ ಹೊಸದನ್ನು ಬರೆದ ಹಾಗೆ. ತೆರೆದು ನೋಡಿದರೆ ಕತ್ತರಿಸಿದ ಚಿತ್ರವೇ ಕಾಣುತ್ತದೆ. ಆದರೆ ಬಲ್ಲವರು ಆ ಬಾಲದಿಂದ, ನೀವು ತೆಗೆದುಹಾಕಿದೆ ಎಂದುಕೊಂಡ ಭಾಗದ ಒಂದಷ್ಟನ್ನು ಮತ್ತೆ ಕಟ್ಟಿಕೊಳ್ಳಬಹುದಿತ್ತು. ಅದೇ ತಿಂಗಳು ಮೈಕ್ರೋಸಾಫ್ಟ್ ಸ್ಟೋರಿನ ಮೂಲಕ ತಿದ್ದುಪಡಿ ಬಂತು, ಈಗಿನ ಸಲಕರಣೆಯಲ್ಲಿ ಅದಿಲ್ಲ. ಆದರೆ ಅದಕ್ಕೂ ಮೊದಲು ಹಾಗೆ ಕತ್ತರಿಸಿ ಹಂಚಿದ ಕಡತಗಳನ್ನು ಯಾವ ತಿದ್ದುಪಡಿಯೂ ಹೋಗಿ ಸರಿಮಾಡುವುದಿಲ್ಲ. ಹೊಸ ಹೆಸರಿನಲ್ಲಿ ಉಳಿಸುವ ಅಭ್ಯಾಸ ಇದ್ದವರಿಗೆ ಆ ತೊಂದರೆಯೇ ತಟ್ಟಿರಲಿಲ್ಲ.

ಕತ್ತರಿಸಿದ ಮೇಲೂ ಆಧಾರ್ ಸಂಖ್ಯೆಯ ತುದಿ ಒಂದು ಮೂಲೆಯಲ್ಲಿ ಉಳಿಯಿತು. ಅದರ ಮೇಲೆ ಹೈಲೈಟರ್ ಎಳೆದು ಮುಚ್ಚಲು ಚಿಕ್ಕಪ್ಪ ಹೊರಟಿದ್ದರು. ಹೈಲೈಟರ್ ಅರೆಪಾರದರ್ಶಕ. ಎಷ್ಟು ಸಲ ಎಳೆದರೂ ಅಡಿಯ ಅಂಕಿ ಇಣುಕುತ್ತದೆ. `Paint`ನಲ್ಲಿ ಪೂರ್ತಿ ಕಪ್ಪು ತುಂಬಿದ ಚೌಕವೊಂದನ್ನು ಅದರ ಮೇಲೆ ಇಡುವುದೇ ಸರಿ. ಇಟ್ಟರು.

ಕಳಿಸುವಾಗ ಕೊನೆಯ ತಕರಾರು. ಗುಂಡಿಗಳು ಉಳಿಸುವುದು ಪಿಎನ್‌ಜಿ ರೂಪದಲ್ಲಿ. ಚಿಕ್ಕಪ್ಪನ ಟ್ಯಾಬಿನ ಪರದೆ ಅಡ್ಡಲಾಗಿ 1920, ಉದ್ದಕ್ಕೆ 1280 ಚುಕ್ಕೆ, ಒಟ್ಟು ಇಪ್ಪತ್ತನಾಲ್ಕೂವರೆ ಲಕ್ಷ. ಪಿಎನ್‌ಜಿ ಅದರಲ್ಲಿ ಒಂದು ಚುಕ್ಕೆಯನ್ನೂ ಕೆಡಿಸುವುದಿಲ್ಲ. ಅದಕ್ಕೇ ಅಕ್ಷರಗಳು ಕೆತ್ತಿದ ಹಾಗಿರುತ್ತವೆ. ಬಿಳಿ ಹಿನ್ನೆಲೆಯ ಅರ್ಜಿಯಂಥದ್ದಕ್ಕೆ ಕಡತ ಚಿಕ್ಕದಾಗಿಯೇ ಇರುತ್ತದೆ. ಪರದೆಯಲ್ಲಿ ಫೋಟೋಗಳು ತುಂಬಿದ್ದರೆ ಕೆಲವು ಎಂಬಿಗೆ ಏರುತ್ತದೆ. ಕಚೇರಿಯ ದೂರಿನ ಪುಟ ಕೇಳುತ್ತಿದ್ದುದು ಜೆಪಿಜಿ, ಅದೂ 200 ಕೆಬಿ ಒಳಗೆ. ಹೆಸರಿನ ಕೊನೆಯ `.png` ಅಳಿಸಿ `.jpg` ಎಂದು ಬರೆದರೆ ಆಯಿತಲ್ಲ ಎಂದು ಚಿಕ್ಕಪ್ಪ. ಆಗುವುದಿಲ್ಲ. ಅದು ಡಬ್ಬದ ಮೇಲಿನ ಚೀಟಿ ಬದಲಿಸಿದ ಹಾಗೆ, ಒಳಗಿನ ಹಿಟ್ಟು ಅದೇ. `Paint`ನಲ್ಲಿ ತೆರೆದು `Save as` ಅಡಿಯಲ್ಲಿ ಜೆಪಿಇಜಿ ಆರಿಸಿ ಉಳಿಸಬೇಕು. ಜೆಪಿಜಿ ಅಕ್ಷರದ ಅಂಚನ್ನು ಸ್ವಲ್ಪ ಕಲಕುತ್ತದೆ, ಆದ್ದರಿಂದ ಮೊದಲು ಕತ್ತರಿಸಿ ಆಮೇಲೆ ಬದಲಿಸುವುದು ಒಳ್ಳೆಯದು. ಇಡೀ ಪರದೆಯನ್ನು 200 ಕೆಬಿಗೆ ಹಿಂಡಿದರೆ ಕನ್ನಡದ ಒತ್ತಕ್ಷರಗಳು ಮೊದಲು ಸಾಯುತ್ತವೆ. ಅಂಗೈಯಗಲದ ತುಂಡಿಗೆ ಆ ಜಾಗ ಧಾರಾಳ. ವಾಟ್ಸಾಪಿನಲ್ಲಿ ಕಳಿಸುವುದಾದರೆ ಫೋಟೋ ಎಂದಲ್ಲ, ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿದರೆ ಅದು ಹಿಂಡದೆ ಇದ್ದ ಹಾಗೆ ಹೋಗುತ್ತದೆ.

ಈ ಗುಂಡಿಗಳಿಂದ ಹಿಡಿಯಲಾಗದ್ದೂ ಇದೆ. ಕೆಲವು ಸಿನಿಮಾ ತಾಣಗಳ ಚಿತ್ರವನ್ನು ಹೀಗೆ ತೆಗೆದರೆ ವಿಡಿಯೋ ಇದ್ದ ಜಾಗ ಕಪ್ಪಾಗಿ ಬರುತ್ತದೆ. ಟ್ಯಾಬ್ ಕೆಟ್ಟಿಲ್ಲ, ಆ ವಿಡಿಯೋ ನಕಲಿಗೆ ಸಿಗಬಾರದೆಂದು ಕಾವಲಿನೊಂದಿಗೆ ಪರದೆಗೆ ಬರುತ್ತದೆ, ಚಿತ್ರಕ್ಕೆ ಸಿಗುವುದು ಕಾವಲಿನ ಗೋಡೆ. ಹಾಗೆಯೇ ಹೊಸ ಸಾಫ್ಟ್‌ವೇರ್ ಹಾಕುವಾಗ ಇಡೀ ಪರದೆ ಮಬ್ಬಾಗಿ, “ಇದಕ್ಕೆ ಅನುಮತಿ ಕೊಡುತ್ತೀರಾ” ಎಂದು ಒಂದು ಪೆಟ್ಟಿಗೆ ಬರುತ್ತದಲ್ಲ, ಅದು ಬೇರೆಯ, ರಕ್ಷಿತ ಪರದೆಯ ಮೇಲೆ ನಿಂತಿರುತ್ತದೆ. ಮಾಮೂಲಿ ಪರದೆಯ ಚಿತ್ರ ತೆಗೆಯುವವರಿಗೆ ಅಲ್ಲಿ ಪ್ರವೇಶವಿಲ್ಲ. ಅದರ ಚಿತ್ರವೇ ಬೇಕೆಂದು ಯಾರಾದರೂ ಕೇಳಿದರೆ ಚಿಕ್ಕಪ್ಪನ ಹಳೆಯ ಉಪಾಯ, ಮೊಬೈಲಿನ ಕ್ಯಾಮೆರಾ, ಆಗ ಸರಿ. ಬಣ್ಣದ ಅಲೆಗಳು ಬರುವುದು ಪರದೆಯ ಚುಕ್ಕೆಗಳ ಜಾಲರಿ ಮತ್ತು ಕ್ಯಾಮೆರಾದೊಳಗಿನ ಚುಕ್ಕೆಗಳ ಜಾಲರಿ ಒಂದರ ಮೇಲೊಂದು ಬೀಳುವುದರಿಂದ. ಎರಡು ಸೊಳ್ಳೆಪರದೆ ಒಂದರ ಹಿಂದೊಂದು ಹಿಡಿದಾಗ ಕಾಣುವ ಗೆರೆಗಳ ಹಾಗೆ. ಮೊಬೈಲನ್ನು ಸ್ವಲ್ಪ ಹಿಂದೆ ಮುಂದೆ ಸರಿಸಿ, ತುಸು ಓರೆ ಮಾಡಿ ಹಿಡಿದರೆ ಅವು ತೆಳ್ಳಗಾಗುತ್ತವೆ. ಕಿಟಕಿಗೆ ಬೆನ್ನು ಹಾಕಿ ಕೂರದಿದ್ದರೆ ಬನಿಯನ್ನೂ ಬರುವುದಿಲ್ಲ.

ಮಧ್ಯಾಹ್ನ ಹನ್ನೊಂದೂವರೆಗೆ ಚಿತ್ರ ಹೋಯಿತು. ಅದರಲ್ಲಿ ಬಿಳಿ ಪಟ್ಟಿಯೊಂದು ಕೆಳಕ್ಕೆ ಇಳಿದಿತ್ತು. ಆನಂದಪುರ, ಆವಿನಹಳ್ಳಿ, ಕರೂರು, ಕಸಬಾ ಎಂದು ಸಾಲಾಗಿ ಬಂದು, ತ ಅಕ್ಷರದ ಕಡೆ ತಲೆಯೂ ಹಾಕದೆ ನೇರ ಬ ಅಕ್ಷರಕ್ಕೆ ಜಿಗಿದಿತ್ತು. ಸಹಾಯವಾಣಿಯ ಹುಡುಗ ನೋಡಿ, “ಹೌದು ಸಾರ್, ಬಿಟ್ಟೋಗಿದೆ” ಎಂದನಂತೆ. ನಾಲ್ಕನೆಯ ದಿನ ಚಿಕ್ಕಪ್ಪ ಇನ್ನೊಂದು ಚಿತ್ರ ಕಳಿಸಿದರು, ಏನೂ ಬರೆಯದೆ, ಡಾಕ್ಯುಮೆಂಟ್ ಆಗಿ. ಹೆಸರು `Screenshot (12).png`. ತೆರೆದ ಪಟ್ಟಿ, ಕಸಬಾದ ಕೆಳಗೆ ತಾಳಗುಪ್ಪ. ಆಧಾರ್ ಸಂಖ್ಯೆಯ ಮೇಲೆ ಕಪ್ಪು ಚೌಕ. ದನಿಯ ಪಟ್ಟಿ ಮಾತ್ರ ಇನ್ನೂ ಮೂಲೆಯಲ್ಲಿ ಕೂತೇ ಇತ್ತು.